ಮನಿಪ್ಲಾಂಟ್ ಅಗಿದ ನಾಯಿ, ಲಿಲ್ಲಿ ನೆಕ್ಕಿದ ಬೆಕ್ಕು

ಪತ್ರೊಡೆಗೆ ಕೆಸುವಿನ ಎಲೆ ಕೊಯ್ದವರಿಗೆ ಅದರ ತುರಿಕೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ಕಾಸರಗೋಡಿನ ಕಡೆ ಜಗಲಿಯ ಚಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಗಿಡಗಳೂ ಕೆಸುವಿನ ಬಳಗದವೇ: ಮನಿಪ್ಲಾಂಟ್, ಡೈಫನ್‌ಬೇಕಿಯಾ, ಸಿಂಗೋನಿಯಂ, ಆಂಥೂರಿಯಂ, ಬಣ್ಣದ ಎಲೆಯ ಕ್ಯಾಲೇಡಿಯಂ. ಇವುಗಳ ಎಲೆ, ದಂಟಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಹಲ್ಲು ತಾಗಿ ಜೀವಕೋಶ ಒಡೆದರೆ ಅವು ಹೊರಚಿಮ್ಮಿ ನಾಲಿಗೆ, ಒಸಡಿಗೆ ಚುಚ್ಚಿಕೊಳ್ಳುತ್ತವೆ. ನಾಯಿ ಗಿಡ ಕಚ್ಚಿದ ನಿಮಿಷದಲ್ಲೇ ಜೊಲ್ಲು ಸುರಿಸಿ, ಮುಂಗಾಲಿನಿಂದ ಬಾಯಿ ಉಜ್ಜಿಕೊಂಡು ಕುಂಯ್‌ಗುಡುವುದು ಇದಕ್ಕೇ.

ನಾಲ್ಕು ತಿಂಗಳ ನಾಯಿಮರಿ ಡೈಫನ್‌ಬೇಕಿಯಾದ ಎಲೆ ಹರಿದಿದೆ ಎಂದಿಟ್ಟುಕೊಳ್ಳಿ. ಬಾಯೊಳಗೆ ಕಾಣುವ ಚೂರುಗಳನ್ನು ಬೆರಳಿಂದ ತೆಗೆದು, ಒದ್ದೆ ಬಟ್ಟೆಯಿಂದ ನಾಲಿಗೆಯನ್ನೂ ಒಸಡನ್ನೂ ಮೆತ್ತಗೆ ಒರೆಸಬೇಕು. ಆಮೇಲೆ ತಣ್ಣೀರು ಇಡಿ. ತಾನಾಗಿ ನೆಕ್ಕುವುದಾದರೆ ಒಂದೆರಡು ಚಮಚ ಮೊಸರು. ಮೊಸರಿನ ಕ್ಯಾಲ್ಸಿಯಂ ಉರಿಯನ್ನು ಸ್ವಲ್ಪ ತಗ್ಗಿಸುತ್ತದೆ. ಇಷ್ಟಾದ ಮೇಲೆ ನಾನು ನೋಡುವುದು ಎಲೆಯನ್ನು. ನೆಲಕ್ಕೆ ಬಿದ್ದ ಚೂರುಗಳನ್ನು ಹರಿದ ಎಲೆಗೆ ಜೋಡಿಸಿದರೆ ಹೊಟ್ಟೆಗೆ ಎಷ್ಟು ಹೋಗಿದೆ ಎಂಬ ಅಂದಾಜು ಸಿಗುತ್ತದೆ. ಹೆಚ್ಚಾಗಿ ಚೂರುಗಳೆಲ್ಲ ನೆಲದಲ್ಲೇ ಇರುತ್ತವೆ, ಯಾಕೆಂದರೆ ಆ ಉರಿಗೆ ಎರಡನೆಯ ತುತ್ತು ಇಳಿಯುವುದಿಲ್ಲ.

ಕೆಸುವಿಗೆ ಹುಣಸೆ ಹುಳಿ ಮದ್ದು ಎಂದು ನಾಯಿಯ ಬಾಯಿಗೂ ಹುಳಿನೀರು ಹೊಯ್ಯುವವರುಂಟು. ಅಡುಗೆಯ ಉಪಾಯ ಅಡುಗೆಗೇ ಇರಲಿ. ಹುಣ್ಣಾದ ಬಾಯಿಗೆ ಅದು ಇನ್ನಷ್ಟು ಉರಿ. ತೆಂಗಿನೆಣ್ಣೆಯನ್ನು ಬಲವಂತವಾಗಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ, ಹರಳು ಮರಳಿ ಬರುವಾಗ ಗಂಟಲನ್ನು ಮತ್ತೊಮ್ಮೆ ಚುಚ್ಚುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಬಾವು ಇಳಿಯುತ್ತದೆ. ಉಸಿರಾಡುವಾಗ ಗೊರಗೊರ ಸದ್ದು ಬಂದರೆ, ನಾಲಿಗೆ ಊದಿ ಹೊರಗೆ ಇಳಿಬಿದ್ದರೆ ಅಥವಾ ನೀರೂ ಇಳಿಯದಿದ್ದರೆ ಮಾತ್ರ ಕಾಯಬಾರದು, ಮೃಗಾಸ್ಪತ್ರೆಗೆ ಒಯ್ಯಬೇಕು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಉರಿಯೇ ಇಲ್ಲದ ಗಿಡ. ಬೆಕ್ಕಿರುವ ಮನೆಯಲ್ಲಿ ಅದು ಲಿಲ್ಲಿ. ಆದರೆ ನಮ್ಮಲ್ಲಿ ಲಿಲ್ಲಿ ಎಂಬ ಹೆಸರೇ ಒಂದು ಗೋಜಲು. ಪೀಸ್ ಲಿಲ್ಲಿ ಕೆಸುವಿನ ಬಳಗದ್ದು, ಬಾಯಿ ಸುಡುತ್ತದೆ, ಅಷ್ಟೆ. ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ ಬೇರೆ ಕುಟುಂಬದ್ದು. ಅದರ, ಮುಖ್ಯವಾಗಿ ಗಡ್ಡೆಯ ವಿಷದಿಂದ ವಾಂತಿ, ಭೇದಿ. ಮೂತ್ರಪಿಂಡವನ್ನೇ ಕೆಡಿಸುವುದು ಮದುವೆಯ ಹೂಗುಚ್ಛದಲ್ಲಿ ಮನೆಗೆ ಬರುವ ಏಷ್ಯಾಟಿಕ್, ಓರಿಯೆಂಟಲ್ ಲಿಲ್ಲಿಗಳು, ಜತೆಗೆ ಕುಂಡದ ಡೇ ಲಿಲ್ಲಿ. ಅವನ್ನು ತಿಂದ ನಾಯಿಗೆ ಬರೀ ಹೊಟ್ಟೆಕೆಡುತ್ತದೆ, ಬೆಕ್ಕಿಗೆ ಮಾತ್ರ ಪ್ರಾಣಕ್ಕೇ ಸಂಚಕಾರ.

ಎಲೆ ಕಚ್ಚಲೇಬೇಕೆಂದಿಲ್ಲ. ಕೇಸರದ ಕಂದು ಹುಡಿ ಮೈಗೆ ತಾಗಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಸಾಕು. ಹೂದಾನಿಯ ನೀರು ಕುಡಿದರೂ ಸಾಕು. ಮೊದಲ ಕೆಲವು ಗಂಟೆಗಳಲ್ಲಿ ಒಂದೆರಡು ವಾಂತಿ, ಊಟ ಬೇಡವೆನ್ನುವುದು, ಮೂಲೆ ಸೇರುವುದು. ಆಮೇಲೆ ವಾಂತಿ ನಿಲ್ಲುತ್ತದೆ. ಮನೆಯವರು ಗುಣವಾಯಿತು ಎಂದುಕೊಳ್ಳುವುದು ಇಲ್ಲಿಯೇ. ಒಳಗೆ ಮೂತ್ರಪಿಂಡ ಸೋಲುತ್ತಿರುತ್ತದೆ: ಬೆಕ್ಕು ಪದೇಪದೇ ನೀರು ಕುಡಿದು ಮೂತ್ರ ಮಾಡುತ್ತದೆ, ಒಂದರಿಂದ ಮೂರು ದಿನದೊಳಗೆ ಮೂತ್ರವೇ ನಿಲ್ಲುತ್ತದೆ. ಆಗ ತಂದರೆ ಉಳಿಸುವುದು ಬಹಳ ಕಷ್ಟ.

ಆದ್ದರಿಂದ ಬೆಕ್ಕಿನ ಮೂಗಿನ ಮೇಲೆ ಹುಡಿ ಕಂಡರೆ, ಲಕ್ಷಣ ಒಂದೂ ಇಲ್ಲದಿದ್ದರೂ ಹೊರಡಿ. ಅದನ್ನು ಬೈರಾಸಿನಲ್ಲಿ ಸುತ್ತಿ, ನೆಕ್ಕಲು ಬಿಡದೆ ಹುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸುಮಾರು 48 ಗಂಟೆ ಡ್ರಿಪ್ ಕೊಟ್ಟು, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಮಟ್ಟವನ್ನು ನೋಡುತ್ತಾ ಇರುತ್ತಾರೆ. ತಿಂದ 18 ಗಂಟೆ ಕಳೆದ ಮೇಲೆ ಡ್ರಿಪ್ ಶುರುವಾದರೆ ಫಲ ತೀರಾ ಕಡಿಮೆ. ಸಂಜೆ ನೆಕ್ಕಿದ ಬೆಕ್ಕನ್ನು ನಾಳೆ ಮಧ್ಯಾಹ್ನ ನೋಡೋಣ ಎಂದರೆ ಆ ಹೊತ್ತು ಮುಗಿದೇ ಹೋಗಿರುತ್ತದೆ. ಊರಿನ ಆಸ್ಪತ್ರೆ ಮುಚ್ಚಿದ್ದರೆ ರಾತ್ರಿ ತೆರೆದಿರುವಲ್ಲಿಗೆ ಮೊದಲೇ ಫೋನ್ ಮಾಡಿ, ಡ್ರಿಪ್ ಹಾಕಿ ಇರಿಸಿಕೊಳ್ಳುತ್ತಾರೋ ಎಂದು ಕೇಳಿಯೇ ಹೋಗುವುದು ಒಳ್ಳೆಯದು. ಹೂವಿನ ಒಂದು ಗೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜತೆಗೊಯ್ಯಿರಿ. ಬರೀ ಲಿಲ್ಲಿ ಎಂದರೆ ವೈದ್ಯರಿಗೂ ಯಾವುದೆಂದು ತಿಳಿಯದು.