ಶ್ರಾವಣದ ಹಾಡಿನ ಪಟ್ಟಿ, ಎರಡು ಏಕಾದಶಿ

ನಮ್ಮ ಭಜನಾ ಮಂಡಳಿಗೆ ಶ್ರಾವಣದ ಹಾಡುಗಳ ಪಟ್ಟಿ ಮಾಡುವಾಗ ವಾರದ ಹಾಡುಗಳು ಸಲೀಸಾಗಿ ಕೂತವು. ಸೋಮವಾರ ಶಿವ, ಮಂಗಳವಾರ ಗೌರಿ, ಶನಿವಾರ ವೆಂಕಟರಮಣ. ಶುಕ್ರವಾರಕ್ಕೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಅದರಲ್ಲೇ ಶುಕ್ರವಾರದ ಪೂಜೆಯ ಮಾತಿದೆಯಲ್ಲ!

ಎಡವಿದ್ದು ಏಕಾದಶಿಯಲ್ಲಿ. ಗೋಡೆಯ ಕ್ಯಾಲೆಂಡರ್ ನೋಡಿ ಒಂದು ದಿನ ಬರೆದೆ. ಮಾಧ್ವರ ಮನೆಯವರು ‘ನಮ್ಮ ಉಪವಾಸ ಮರುದಿನ’ ಅಂದರು. ಸೂರ್ಯೋದಯಕ್ಕೆ ಏಕಾದಶಿ ಇದ್ದರೂ, ಅದಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯದಲ್ಲಿ ದಶಮಿ ಉಳಿದಿದ್ದರೆ ಅವರು ಆ ದಿನ ಬಿಡುತ್ತಾರೆ. ಪಂಚಾಂಗ ತೆಗೆದೆ: ಸೂರ್ಯೋದಯ 6.08, ಅರುಣೋದಯ 4.32, ದಶಮಿ ಮುಗಿಯುವುದು 5.10ಕ್ಕೆ. ಅವರದೇ ಸರಿ.

ವಿಠಲನ ಪದಗಳನ್ನು ಎರಡೂ ದಿನಕ್ಕೆ ಹಂಚಿದೆ. ಅವರ ಪಾರಣೆಯ ಬೆಳಗಿನ ಶ್ಲೋಕವನ್ನು ಒಂದು ದಿನ ಮುಂದಕ್ಕೆ ಸರಿಸಿದೆ.