ನೋವು ಕಣ್ಣಿನ ಹಿಂದೆ, ಮೂಲ ಕತ್ತಿನಲ್ಲಿ: ಹಿಂದಲೆಯಿಂದ ಶುರುವಾಗುವ ತಲೆನೋವನ್ನು ಪತ್ತೆಹಚ್ಚಿ ಸರಿಪಡಿಸಿಕೊಳ್ಳುವುದು ಹೇಗೆ?

ನಲವತ್ತನಾಲ್ಕು ವರ್ಷದ ಟೈಲರ್ ಒಬ್ಬರು ನನ್ನ ಫಿಸಿಯೋಥೆರಪಿ ಕೊಠಡಿಗೆ ಬಂದಾಗ ಅವರ ಕೈಚೀಲದಲ್ಲಿ ಎರಡು ಜೊತೆ ಕನ್ನಡಕ, ಸೈನಸ್ಸಿಗೆಂದು ಕೊಟ್ಟಿದ್ದ ಮೂಗಿನ ಸ್ಪ್ರೇ ಮತ್ತು ಕತ್ತಿನ ಒಂದು ಎಕ್ಸ್-ರೇ ಇದ್ದವು. ಎರಡು ವರ್ಷಗಳಿಂದ ವಾರಕ್ಕೆ ಮೂರು ನಾಲ್ಕು ದಿನ ಬಲಗಣ್ಣಿನ ಹಿಂದೆ ನೋವು. ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದಾಗ ಅವರು ಕಣ್ಣನ್ನು ತೋರಿಸಲಿಲ್ಲ. ಬಲಗೈಯ ಹೆಬ್ಬೆರಳನ್ನು ತಲೆಬುರುಡೆ ಮುಗಿದು ಕತ್ತು ಆರಂಭವಾಗುವ ಕುಳಿಯಲ್ಲಿಟ್ಟು ಒತ್ತಿ, 'ಇಲ್ಲಿಂದ ಎದ್ದು ಹೀಗೆ ಮುಂದಕ್ಕೆ ಬರುತ್ತದೆ' ಎಂದು ಕಿವಿಯ ಮೇಲಿನಿಂದ ಹುಬ್ಬಿನವರೆಗೆ ಗೆರೆ ಎಳೆದರು. ಕತ್ತಿನ ಕೀಲಿನಿಂದ ಹುಟ್ಟುವ ತಲೆನೋವನ್ನು ಗುರುತಿಸಲು ನಾನು ಮೊದಲು ನೋಡುವುದು ಈ ಹೆಬ್ಬೆರಳಿನ ಗೆರೆಯನ್ನೇ.

ಇದಕ್ಕೆ ಸರ್ವೈಕೋಜೆನಿಕ್ ತಲೆನೋವು ಎಂಬ ಹೆಸರನ್ನು 1983ರಲ್ಲಿ ಕೊಟ್ಟವರು ನಾರ್ವೆಯ ನರರೋಗ ತಜ್ಞ ಒಟ್ಟಾರ್ ಶೋಸ್ಟಾಡ್ ಮತ್ತು ಅವರ ಸಂಗಡಿಗರು. ಕತ್ತಿನ ನೋವು ಹಣೆಗೆ ಬರುವುದಾದರೂ ಹೇಗೆ ಎಂದರೆ, ಕತ್ತಿನ ಮೇಲ್ಭಾಗದ ಮೂರು ಜೊತೆ ನರಗಳೂ ಹಣೆ ಮತ್ತು ಕಣ್ಣಿನ ಸುತ್ತಲಿನ ಸಂವೇದನೆಯನ್ನು ಒಯ್ಯುವ ಮುಖದ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ನರಕೋಶಗಳ ಗುಂಪಿಗೆ ಬಂದು ಸೇರುತ್ತವೆ. ಎರಡು ಊರಿನ ಟಪಾಲು ಒಂದೇ ಚೀಲಕ್ಕೆ ಬಿದ್ದಂತೆ, ಸುದ್ದಿ ಕತ್ತಿನಿಂದ ಬಂದರೂ ಮಿದುಳು ಅದನ್ನು ಕಣ್ಣಿನದೆಂದು ಓದಿಕೊಳ್ಳುತ್ತದೆ. ಮೇಲಿನ ಮೂರು ನರಗಳಿಗೆ ಮುಖ್ಯವಾಗಿ ಈ ನಂಟು ಇರುವುದರಿಂದ, ನಮ್ಮ ಟೈಲರ್ ಅವರ ಎಕ್ಸ್-ರೇಯಲ್ಲಿ ಬರೆದಿದ್ದ 'ಐದು–ಆರನೇ ಮೂಳೆಗಳ ನಡುವೆ ಸವೆತ' ಎಂಬ ಸಾಲು ಅವರ ಕಣ್ಣಿನ ನೋವನ್ನು ವಿವರಿಸುವುದಿಲ್ಲ. ನಡುವಯಸ್ಸಿನಲ್ಲಿ ಯಾವ ನೋವೂ ಇಲ್ಲದವರ ಎಕ್ಸ್-ರೇಯಲ್ಲೂ ಇಂಥ ಸವೆತ ಧಾರಾಳವಾಗಿ ಕಾಣುತ್ತದೆ. 'ಸ್ಪಾಂಡಿಲೈಟಿಸ್' ಎಂಬ ಒಂದೇ ಪದಕ್ಕೆ ಎಲ್ಲವನ್ನೂ ಕಟ್ಟಿಹಾಕುವ ನಮ್ಮ ರೂಢಿಯಿಂದ ಮೂಲ ತಪ್ಪಿಹೋಗುವುದೇ ಹೆಚ್ಚು.

ಮೊದಲ ಹೆಜ್ಜೆ: ಮನೆಯಲ್ಲಿ ಇಟ್ಟುಕೊಳ್ಳಬಾರದ ತಲೆನೋವನ್ನು ಬೇರ್ಪಡಿಸಿ

ಕತ್ತು ಹಿಡಿದುಕೊಂಡು ತಲೆ ನೋಯುವುದೆಲ್ಲ ಕೀಲಿನ ತೊಂದರೆಯಲ್ಲ. ಜ್ವರವಿದ್ದು ಗಲ್ಲವನ್ನು ಎದೆಗೆ ತಾಗಿಸಲಾಗದಷ್ಟು ಕತ್ತು ಬಿಗಿದಿದ್ದರೆ ಅದು ಮಿದುಳಿನ ಪೊರೆಯ ಸೋಂಕು ಇರಬಹುದು. ಸಿಡಿಲು ಬಡಿದಂತೆ ಕ್ಷಣಗಳಲ್ಲಿ ವಿಪರೀತಕ್ಕೇರುವ ನೋವು ಮಿದುಳಿನ ರಕ್ತಸ್ರಾವದ್ದಿರಬಹುದು. ಹಿಂದೆಂದೂ ಇಲ್ಲದ ಕತ್ತುನೋವು ಹಠಾತ್ತನೆ ಬಂದು ಜೊತೆಗೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನಡಿಗೆ ವಾಲುವುದು ಇದ್ದರೆ ಕತ್ತಿನ ರಕ್ತನಾಳದ ಒಳಪದರ ಹರಿದಿರುವ ಸಾಧ್ಯತೆ ಇದೆ. ಈ ಮೂರರಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಅದರಲ್ಲೂ ಬಾಚಣಿಗೆ ತಾಗಿದರೆ ನೆತ್ತಿ ನೋಯುವುದು, ಅಗಿಯುವಾಗ ದವಡೆ ಸೋಲುವುದು ಇದ್ದರೆ ರಕ್ತನಾಳದ ಉರಿಯೂತದಿಂದ ದೃಷ್ಟಿಗೇ ಅಪಾಯವಿರುವುದರಿಂದ ತಡಮಾಡದೆ ವೈದ್ಯರನ್ನು ಕಾಣಬೇಕು. ಬಿದ್ದ ಅಥವಾ ಅಪಘಾತದ ನಂತರದ ನೋವು, ಕೈಕಾಲಿನ ಬಲ ಕುಗ್ಗುವುದು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು ಇವುಗಳಿಗೂ ವೈದ್ಯರ ಪರೀಕ್ಷೆ ಆಗದೆ ಕೆಳಗಿನ ಯಾವ ವ್ಯಾಯಾಮವೂ ಸಲ್ಲದು. ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಕತ್ತಿನ ಮೊದಲ ಎರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದಾದ್ದರಿಂದ ಅವರೂ ಇದನ್ನು ತಾವಾಗಿ ಮಾಡಬಾರದು.

ಎರಡನೇ ಹೆಜ್ಜೆ: ಎರಡು ವಾರ ಬರೆದಿಡಿ

ಹಳೆಯ ಕ್ಯಾಲೆಂಡರಿನ ಮನೆಗಳಲ್ಲಿ ಮೂರೇ ಸಂಗತಿ ಬರೆದರೆ ಸಾಕು: ನೋವು ಯಾವ ಪಕ್ಕ, ಅದಕ್ಕೆ ಮುಂಚಿನ ಎರಡು ಗಂಟೆ ಕತ್ತು ಯಾವ ಭಂಗಿಯಲ್ಲಿತ್ತು, ಮಾತ್ರೆ ನುಂಗಿದ್ದು ಎಷ್ಟು. ಕತ್ತಿನ ಕೀಲಿನ ನೋವು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಹಿಂದಲೆಯಿಂದ ಮುಂದಕ್ಕೆ ಸಾಗುತ್ತದೆ, ಕತ್ತನ್ನು ಒಂದೇ ಭಂಗಿಯಲ್ಲಿ ಹಿಡಿದಿಟ್ಟಾಗ ಏಳುತ್ತದೆ. ಮೈಗ್ರೇನ್ ಆದರೆ ಒಮ್ಮೆ ಎಡ, ಒಮ್ಮೆ ಬಲ ಎಂದು ಪಕ್ಕ ಬದಲಿಸುವುದುಂಟು. ವಾಂತಿ ಬಂದಂತಾಗುವುದು, ಬೆಳಕು ಸದ್ದು ಸಹಿಸಲಾಗದಿರುವುದು ಅಲ್ಲಿ ಎದ್ದು ಕಾಣುತ್ತದೆ. ಇಲ್ಲೊಂದು ತೊಡಕಿದೆ: ಮೈಗ್ರೇನ್ ಇರುವವರಲ್ಲೂ ಕತ್ತು ನೋಯುವುದು ಬಹಳ ಸಾಮಾನ್ಯ. ಆದ್ದರಿಂದ ಕತ್ತು ನೋಯುತ್ತದೆ ಎಂಬುದೊಂದರಿಂದಲೇ ಕೀಲನ್ನು ದೂರುವಂತಿಲ್ಲ.

ಮಾತ್ರೆಯ ಲೆಕ್ಕವನ್ನು ಕಡೆಗಣಿಸಬೇಡಿ. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಉಳಿಸಿಕೊಂಡು ಬರಬಲ್ಲದು. ಹಲವು ಔಷಧಿಗಳ ಮಿಶ್ರಣವಿರುವ ಮಾತ್ರೆಗೆ ಈ ಮಿತಿ ಹತ್ತೇ ದಿನ. ನಮ್ಮ ಟೈಲರ್ ತಿಂಗಳಿಗೆ ಹದಿನೆಂಟು ದಿನ ನುಂಗುತ್ತಿದ್ದರು. ಅದನ್ನು ಇಳಿಸುವ ಕ್ರಮವನ್ನು ಅವರ ವೈದ್ಯರೇ ಹೇಳಿಕೊಟ್ಟರು.

ಮೂರನೇ ಹೆಜ್ಜೆ: ಯಾವ ಕೀಲು ಬಿಗಿದಿದೆ ಎಂದು ನೋಡಿ

ಕತ್ತಿನ ಮೊದಲ ಮೂಳೆ ಒಂದು ಬಳೆ. ಎರಡನೆಯ ಮೂಳೆಯಿಂದ ಮೇಲಕ್ಕೆದ್ದ ಗೂಟದ ಸುತ್ತ ಅದು, ಬೀಸುವ ಕಲ್ಲಿನ ಮೇಲಿನ ಹೋಳು ನಡುಗೂಟದ ಸುತ್ತ ತಿರುಗುವ ಹಾಗೆ, ತಿರುಗುತ್ತದೆ. ನಾವು ಕತ್ತು ತಿರುಗಿಸುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಒಂದು ಜಾಗದಲ್ಲೇ ನಡೆಯುತ್ತದೆ. ಉಳಿದ ಅರ್ಧವನ್ನು ಕೆಳಗಿನ ಕೀಲುಗಳು ಹಂಚಿಕೊಳ್ಳುತ್ತವೆ. ಕೆಳಗಿನವನ್ನು ತಡೆದು ಮೇಲಿನದನ್ನು ಮಾತ್ರ ಪರೀಕ್ಷಿಸಲು ಸರಳ ಉಪಾಯವಿದೆ. ರೋಗಿ ಅಂಗಾತ ಮಲಗುತ್ತಾರೆ, ಪರೀಕ್ಷಿಸುವವರು ತಲೆಯನ್ನು ಎತ್ತಿ ಗಲ್ಲ ಎದೆಯ ಕಡೆಗೆ ಪೂರ್ತಿ ಬಾಗುವಂತೆ ಹಿಡಿದು, ಹಾಗೆಯೇ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾರೆ. ಬಾಗಿದ ಕತ್ತಿನಲ್ಲಿ ಕೆಳಗಿನ ಕೀಲುಗಳು ಬಿಗಿದು ನಿಲ್ಲುವುದರಿಂದ ಆಗುವ ತಿರುವು ಬಹುಪಾಲು ಮೊದಲೆರಡು ಮೂಳೆಗಳ ನಡುವಿನದು. ಆರೋಗ್ಯವಂತರಲ್ಲಿ ಪ್ರತಿ ಪಕ್ಕಕ್ಕೂ ಸುಮಾರು 44 ಡಿಗ್ರಿ ಬರುತ್ತದೆ. ಒಂದು ಪಕ್ಕಕ್ಕೆ 32–33 ಡಿಗ್ರಿಗಿಂತ ಕಡಿಮೆಯಾಗಿ, ಗಟ್ಟಿಯಾಗಿ ನಿಂತುಬಿಟ್ಟರೆ ಕೀಲು ಬಿಗಿದಿದೆ ಎಂದು ಲೆಕ್ಕ. ಟೈಲರ್ ಅವರಿಗೆ ಎಡಕ್ಕೆ 42 ಬಂದರೆ ಬಲಕ್ಕೆ 22ರಲ್ಲಿ ನಿಂತಿತು, ಮತ್ತು ನಿಂತ ಕಡೆಯಲ್ಲೇ ಅವರ ಪರಿಚಿತ ನೋವು ಕಣ್ಣಿನ ಹಿಂದೆ ಸಣ್ಣಗೆ ಮಿಡಿಯಿತು.

ಮನೆಯಲ್ಲಿ ಬೇರೆಯವರಿಂದ ತಲೆ ತಿರುಗಿಸಿಕೊಳ್ಳಬೇಡಿ. ಕುರ್ಚಿಯಲ್ಲಿ ಕುಳಿತು ಗಲ್ಲವನ್ನು ಎದೆಗೆ ತಂದು, ನೀವೇ ನಿಧಾನವಾಗಿ ಎರಡೂ ಪಕ್ಕಕ್ಕೆ ತಿರುಗಿ ನೋಡಿದರೆ ಡಿಗ್ರಿ ತಿಳಿಯದಿದ್ದರೂ ಎಡಬಲದ ವ್ಯತ್ಯಾಸ ಅಂದಾಜಿಗೆ ಸಿಗುತ್ತದೆ. ಎರಡೂ ಪಕ್ಕ ಸರಿಸಮ, ನೋವೂ ಏಳುವುದಿಲ್ಲ ಎಂದಾದರೆ ಈ ಕೀಲಿನ ಮೇಲೆ ಅನುಮಾನ ಬಹಳ ಕಡಿಮೆಯಾಗುತ್ತದೆ. ಆಗ ಎರಡು–ಮೂರನೇ ಮೂಳೆಗಳ ನಡುವಿನ ಕೀಲನ್ನು, ಇಲ್ಲವೇ ತಲೆನೋವಿನ ಬೇರೆಯೇ ಜಾತಿಯನ್ನು ವೈದ್ಯರು ಹುಡುಕಬೇಕಾಗುತ್ತದೆ.

ನಾಲ್ಕನೇ ಹೆಜ್ಜೆ: ಟವೆಲಿನ ವ್ಯಾಯಾಮ

ನ್ಯೂಜಿಲೆಂಡಿನ ಬ್ರಯನ್ ಮುಲ್ಲಿಗನ್ ರೂಪಿಸಿದ ವಿಧಾನವನ್ನು ಆಧರಿಸಿದ ಈ ವ್ಯಾಯಾಮವನ್ನು 2007ರಲ್ಲಿ ಟೋಬಿ ಹಾಲ್ ಮತ್ತು ಸಂಗಡಿಗರು ಸಣ್ಣದೊಂದು ಅಧ್ಯಯನದಲ್ಲಿ ಪರೀಕ್ಷಿಸಿ, ಸುಳ್ಳು ಚಿಕಿತ್ಸೆಗಿಂತ ಇದು ಮೇಲು ಎಂದು ಕಂಡರು. ಬಲಕ್ಕೆ ತಿರುವು ಕಡಿಮೆ ಇದ್ದವರು ಮಾಡುವ ಬಗೆ ಹೀಗೆ. ತೆಳುವಾದ ಟವೆಲಿನ ಅಂಚನ್ನು ಹಿಂದಲೆಯ ಮೂಳೆಯ ಕೆಳಗೆ, ಕುಳಿಯಲ್ಲೇ ಕೂರುವಂತೆ ಇಡಿ. ಎಡಗಡೆಯಿಂದ ಬಂದ ತುದಿಯನ್ನು ಬಲಗೈಯಲ್ಲಿ, ಬಲಗಡೆಯ ತುದಿಯನ್ನು ಎಡಗೈಯಲ್ಲಿ ಹಿಡಿಯಿರಿ. ಎಡಗೈ ತನ್ನ ತುದಿಯನ್ನು ಎದೆಯ ಬಳಿ ಕೆಳಕ್ಕೆ ಒತ್ತಿಹಿಡಿದಿರಲಿ. ಬಲಗೈ ತನ್ನ ತುದಿಯನ್ನು ಎಡಗೆನ್ನೆಯ ಮೇಲಿನಿಂದ ಅಡ್ಡಲಾಗಿ ಮುಂದಕ್ಕೆ ಎಳೆಯುತ್ತಿರುವಾಗಲೇ ತಲೆಯನ್ನು ಬಲಕ್ಕೆ ತಿರುಗಿಸಿ, ಕೊನೆಯಲ್ಲಿ ಮೂರು ಸೆಕೆಂಡು ನಿಂತು ವಾಪಸು ಬನ್ನಿ. ಎಡಕ್ಕೆ ಕಡಿಮೆ ಇದ್ದವರು ಎಲ್ಲವನ್ನೂ ಕನ್ನಡಿಯಂತೆ ತಿರುವುಮುರುವು ಮಾಡಿಕೊಳ್ಳಬೇಕು. ಒಂದು ಹೊತ್ತಿಗೆ ಎರಡೇ ಸಲ, ದಿನಕ್ಕೆ ಎರಡು ಹೊತ್ತು.

ಇಷ್ಟು ಕಡಿಮೆಯೇ ಎಂದು ಅನುಮಾನಿಸಿ ಇಪ್ಪತ್ತು ಸಲ ಮಾಡಿ ಕತ್ತು ಉರಿಸಿಕೊಂಡವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಮಾಡುವಾಗ ನೋವು ಬರಬಾರದು ಎಂಬುದೇ ಇದರ ಸರಿತಪ್ಪಿನ ಅಳತೆ. ನೋವು ಬಂದರೆ ಟವೆಲು ಕೆಳಗೆ ಜಾರಿದೆ, ಇಲ್ಲವೇ ಎಳೆತ ಅಡ್ಡಲಾಗಿರದೆ ಕೆಳಮುಖವಾಗಿದೆ. ಸರಿಪಡಿಸಿದ ಮೇಲೂ ನೋವಿದ್ದರೆ, ಅಥವಾ ತಲೆ ಸುತ್ತಿದರೆ ಅಲ್ಲಿಗೇ ಬಿಟ್ಟುಬಿಡಿ. ಇನ್ನು, ಕ್ಷೌರ ಮುಗಿದ ಮೇಲೆ ಕತ್ತನ್ನು ಲಟಕ್ಕನೆ ತಿರುಗಿಸಿಸಿಕೊಂಡು 'ಹಗುರಾಯಿತು' ಎನ್ನುವ ಅಭ್ಯಾಸವಿರುವವರು ದಯವಿಟ್ಟು ಅದನ್ನು ನಿಲ್ಲಿಸಬೇಕು. ಮೊದಲ ಮೂಳೆಯ ಸುತ್ತ ಬಳಸಿಕೊಂಡು ಮಿದುಳಿಗೆ ಹೋಗುವ ರಕ್ತನಾಳ ಹಠಾತ್ ತಿರುವಿಗೆ ಸಿಕ್ಕಿ ಹರಿದರೆ ಲಕ್ವ ಹೊಡೆಯಬಹುದು.

ಐದನೇ ಹೆಜ್ಜೆ: ಸಣ್ಣ 'ಹೂಂ'

ಕೀಲು ಸಡಿಲವಾದರೆ ಸಾಲದು. ಕತ್ತಿನ ಮುಂಭಾಗದ ಆಳದಲ್ಲಿ ಮೂಳೆಗಳಿಗೆ ಒತ್ತಿಕೊಂಡಿರುವ ತೆಳು ಸ್ನಾಯುಗಳು ಇಂಥವರಲ್ಲಿ ಬೇಗ ಸೋಲುತ್ತವೆ. ಮೊಣಕಾಲು ಮಡಿಸಿ ಅಂಗಾತ ಮಲಗಿ, ಕತ್ತಿನ ಕೆಳಗೆ ಮಡಿಸಿದ ಟವೆಲು ಇಟ್ಟುಕೊಂಡು, ತಲೆಯನ್ನು ಎತ್ತದೆ, 'ಹೂಂ' ಎನ್ನುವಷ್ಟೇ ಸಣ್ಣದಾಗಿ ಗಲ್ಲವನ್ನು ಒಳಕ್ಕೆ ತನ್ನಿ. ಹತ್ತು ಸೆಕೆಂಡು ಹಿಡಿದು ಬಿಡಿ. ಹೀಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಒಂದು ಕೈಯ ಬೆರಳುಗಳನ್ನು ಗಂಟಲಿನ ಪಕ್ಕದಲ್ಲಿಟ್ಟುಕೊಳ್ಳಿ: ಅಲ್ಲಿ ಹಗ್ಗದಂತೆ ಸ್ನಾಯು ಉಬ್ಬಿದರೆ ಬಲ ಹೆಚ್ಚಾಯಿತು, ಹೊರಗಿನ ದೊಡ್ಡ ಸ್ನಾಯು ಕೆಲಸ ಕಸಿದುಕೊಂಡಿತು ಎಂದರ್ಥ. ಆಸ್ಟ್ರೇಲಿಯಾದ ಗ್ವೆಂಡೊಲಿನ್ ಜುಲ್ ಮತ್ತು ಸಂಗಡಿಗರು ಇಂಥ ತಲೆನೋವಿನ 200 ಜನರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ವಾರಗಳ ಈ ಬಗೆಯ ವ್ಯಾಯಾಮದ ಫಲ ಒಂದು ವರ್ಷದ ನಂತರವೂ ಉಳಿದಿತ್ತು. ಕೈಯಿಂದ ಕೀಲಿಗೆ ಕೊಡುವ ಚಿಕಿತ್ಸೆಯೂ ಅಷ್ಟೇ ಫಲ ಕೊಟ್ಟಿತು.

ಟೈಲರ್ ಅವರ ಅಂಗಡಿಯಲ್ಲಿ ದೀಪ ಎಡಗಡೆಯ ಗೋಡೆಯಲ್ಲಿದ್ದುದರಿಂದ ಸೂಜಿ ಕಾಣಲೆಂದು ಅವರು ದಿನವಿಡೀ ತಲೆಯನ್ನು ಬಾಗಿಸಿ ಎಡಕ್ಕೆ ತಿರುಗಿಸಿಕೊಂಡಿರುತ್ತಿದ್ದರು. ಸೂಜಿಯ ನೇರಕ್ಕೆ ದೀಪ ಇಳಿಬಿಟ್ಟು, ಪ್ರತಿ ರವಿಕೆಯ ಒಂದು ತೋಳು ಮುಗಿದಾಗಲೊಮ್ಮೆ ಎದ್ದು ನಿಲ್ಲುವ ಲೆಕ್ಕ ಇಟ್ಟುಕೊಂಡರು. ಮಾತ್ರೆ ಇಳಿಸಿದ ಮೊದಲ ವಾರ ನೋವು ಹೆಚ್ಚೇ ಆಯಿತು. ಮೂರನೇ ವಾರಕ್ಕೆ ಬಲ ತಿರುವು 31ಕ್ಕೆ, ಆರನೇ ವಾರಕ್ಕೆ 38ಕ್ಕೆ ಬಂತು. ತಲೆನೋವು ಹತ್ತು ದಿನಕ್ಕೊಮ್ಮೆಗೆ ಇಳಿಯಿತು.

ಆರು ವಾರ ಸರಿಯಾಗಿ ಮಾಡಿಯೂ ಕ್ಯಾಲೆಂಡರಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಆಗ ನೋವಿನ ತಜ್ಞರು ಅನುಮಾನದ ಕೀಲಿನ ನರಕ್ಕೆ ಮರಗಟ್ಟುವ ಮದ್ದು ಕೊಟ್ಟು, ಆ ಹೊತ್ತಿನಲ್ಲಿ ತಲೆನೋವು ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಮೂಲ ಕತ್ತಿನದೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಟೈಲರ್ ಅವರಿಗೆ ಅದು ಬೇಕಾಗಲಿಲ್ಲ. ಮದುವೆಗಳ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಹೊಲಿದ ವಾರಗಳಲ್ಲಿ ಮಾತ್ರ ನೋವು ಮತ್ತೆ ತಲೆಹಾಕುತ್ತದೆ, ಆಗ ಮೆಷಿನ್ನಿನ ಡ್ರಾಯರಿನಿಂದ ಆ ಹಳೆಯ ಟವೆಲು ಹೊರಗೆ ಬರುತ್ತದೆ.