ಮಳೆಗಾಲದಲ್ಲಿ ಬೆವರುವ ಏಸಿ ಪೈಪು: ಒಂದು ಲೋಟ ತಣ್ಣೀರಿನಿಂದ ಲೆಕ್ಕ ಹಾಕಿದ್ದು

ಏಸಿಯ ತಣ್ಣನೆಯ ಗ್ಯಾಸ್ ಔಟ್‌ಡೋರಿಗೆ ಮರಳುವ ಅರ್ಧ ಇಂಚಿನ ಸಕ್ಷನ್ ಪೈಪಿಗೆ 9 ಮಿ.ಮೀ. ದಪ್ಪದ ನೈಟ್ರೈಲ್ ಟ್ಯೂಬ್, ಅಂದರೆ ಕಪ್ಪು ರಬ್ಬರ್ ಹೊದಿಕೆ, ಸಾಕು ಅನ್ನೋದು ನಮ್ಮ ಏಸಿ ಕೆಲಸದ ಲೈನಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ವಿಜಯಪುರದಲ್ಲಿ ಏಪ್ರಿಲ್ ಬಿಸಿಲಿಗೆ ಅದು ಸಾಕು. ಬೆಳಗಾವಿಯಲ್ಲಿ ಜುಲೈ ತಿಂಗಳು ಅದೇ ಟ್ಯೂಬ್ ಹನಿ ಹಾಕುತ್ತದೆ. 19 ಮಿ.ಮೀ. ಹಾಕೋಣ ಅಂದಾಗ "ಅಷ್ಟ ದಪ್ಪ ಯಾಕ್ರೀ, ಸುಮ್ನ ಖರ್ಚ ಹೆಚ್ಚ" ಅಂದವರೇ ಹೆಚ್ಚು. 19 ಹಾಕಿದ ಮೇಲೆ ಎರಡು ಮಳೆಗಾಲ ಆ ಪೈಪು ಒಣಗಿಯೇ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇದ್ದದ್ದು ಟಿಳಕವಾಡಿ ಕಡೆಯ ಒಂದು ಪತ್ತಿನ ಸಂಘದ ಸರ್ವರ್ ರೂಮಿನಲ್ಲಿ. ಒಂದೂವರೆ ಟನ್ ಸ್ಪ್ಲಿಟ್, ಹಗಲು ರಾತ್ರಿ ಓಡುತ್ತದೆ. ಪೈಪು ರೂಮಿನಿಂದ ಹೊರಬಿದ್ದು, ಏಸಿ ಇಲ್ಲದ ಪ್ಯಾಸೇಜಿನ ಪಿಒಪಿ ಫಾಲ್ಸ್ ಸೀಲಿಂಗ್ ಮೇಲೆ ಸುಮಾರು ನಲವತ್ತು ಅಡಿ ಹೋಗಿ ಔಟ್‌ಡೋರ್ ಸೇರುತ್ತದೆ. ಪ್ಯಾಸೇಜಿನ ಸೀಲಿಂಗ್ ಮೇಲೆಲ್ಲ ಹಳದಿ ಕಲೆ. ನನಗಿಂತ ಮೊದಲು ಬಂದವರು ಗ್ಯಾಸ್ ಕಡಿಮೆ ಅಂತ ತುಂಬಿದ್ದರು, ಆಮೇಲೆ ಡ್ರೇನ್ ಪೈಪ್ ಬದಲಿಸಿದ್ದರು, ಪಿಒಪಿ ಪ್ಯಾಚ್ ಮಾಡಿಸಿ ಪೇಂಟೂ ಆಗಿತ್ತು. ಎಲ್ಲ ಸೇರಿ ಹತ್ತು ಹನ್ನೊಂದು ಸಾವಿರ ಹೋಗಿತ್ತು. ಹನಿ ಮಾತ್ರ ನಿಂತಿರಲಿಲ್ಲ.

ಡ್ರೇನ್ ಸೋರುತ್ತಿದೆಯೋ ಪೈಪು ಬೆವರುತ್ತಿದೆಯೋ ಎಂದು ಮೊದಲು ಬೇರೆ ಮಾಡಬೇಕು. ಇಂಡೋರ್ ಟ್ರೇಗೆ ಅರಿಶಿನ ಕಲಸಿದ ನೀರು ಒಂದು ಲೋಟ ಹಾಕಿದರೆ ಸಾಕು. ಸೀಲಿಂಗ್ ಮೇಲೆ ಹಳದಿ ನೀರು ಬಂದರೆ ಡ್ರೇನ್, ತಿಳಿನೀರೇ ಬಂದರೆ ಬೆವರು. ಇಲ್ಲಿ ಬಂದದ್ದು ತಿಳಿನೀರು. ಜತೆಗೆ ಬೆವರು ಒಂದೇ ಕಡೆ ಇರುವುದಿಲ್ಲ, ಟ್ಯೂಬಿನ ಉದ್ದಕ್ಕೂ ಸಣ್ಣ ಹನಿಗಳ ಸಾಲು ಕಾಣುತ್ತದೆ, ಕೈಯಾಡಿಸಿದರೆ ಅಂಗೈ ಪೂರ್ತಿ ಒದ್ದೆಯಾಗುತ್ತದೆ.

ಆ ನೀರು ಪೈಪಿನೊಳಗಿಂದ ಬಂದದ್ದಲ್ಲ, ಸುತ್ತಲಿನ ಗಾಳಿಯದ್ದು. ಗಾಳಿಯಲ್ಲಿ ಇರುವ ತೇವಕ್ಕೆ ತಕ್ಕಂತೆ ಒಂದು ಉಷ್ಣತೆ ಇದೆ, ಅದೇ ಇಬ್ಬನಿ ಬಿಂದು. ಅದಕ್ಕಿಂತ ತಣ್ಣಗಿರುವ ಯಾವ ಮೈ ಸಿಕ್ಕರೂ ಆವಿ ಅಲ್ಲಿ ನೀರಾಗುತ್ತದೆ, ಅದು ಲೋಟವಾದರೂ ಸರಿ ಪೈಪಾದರೂ ಸರಿ. ಹಾಗಾಗಿ ತಿಳಿಯಬೇಕಾದದ್ದು ಎರಡೇ: ಆ ಜಾಗದ ಇಬ್ಬನಿ ಬಿಂದು ಎಷ್ಟು, ಟ್ಯೂಬಿನ ಹೊರಮೈ ಎಷ್ಟು ಡಿಗ್ರಿಯಲ್ಲಿ ನಿಲ್ಲುತ್ತದೆ.

ಇಬ್ಬನಿ ಬಿಂದುವಿಗೆ ನಾನು ಅಗ್ಗದ ಹ್ಯುಮಿಡಿಟಿ ಮೀಟರ್ ನಂಬುವುದಿಲ್ಲ. ಮಳೆಗಾಲದ ತೇವದಲ್ಲಿ ಎರಡು ಮೀಟರ್ ಪಕ್ಕಪಕ್ಕ ಇಟ್ಟರೆ ಎರಡು ಲೆಕ್ಕ ಹೇಳುತ್ತವೆ. ಅದಕ್ಕಿಂತ ಹೊಳೆಯುವ ಸ್ಟೀಲ್ ಲೋಟ ಲೇಸು. ಗಾಜಿನದ್ದು ಬೇಡ, ಒಳಗಿನ ತಂಪು ಹೊರಮೈಗೆ ತಡವಾಗಿ ಬರುತ್ತದೆ, ಮಂಜೂ ಬೇಗ ಕಣ್ಣಿಗೆ ಬೀಳುವುದಿಲ್ಲ. ಪೈಪು ಹೋಗುವ ಜಾಗದಲ್ಲೇ, ಸೀಲಿಂಗಿನ ಹ್ಯಾಚ್ ತೆರೆದು, ಅಲ್ಲಿಯ ಉಷ್ಣತೆಯ ನೀರನ್ನು ಅರ್ಧ ಲೋಟ ಇಡಬೇಕು. ಡಿಜಿಟಲ್ ಥರ್ಮಾಮೀಟರಿನ ಕಡ್ಡಿ ಅದರಲ್ಲಿ ಮುಳುಗಿರಲಿ. ಬರ್ಫಿನ ನೀರನ್ನು ಚಮಚ ಚಮಚ ಹಾಕುತ್ತ ಕಲಕುತ್ತ ಹೋಗಬೇಕು. ಲೋಟದ ಹೊಳಪು ಮೊದಲು ಎಲ್ಲಿ ಮಸುಕಾಗುತ್ತದೋ ಅಲ್ಲಿಯ ಉಷ್ಣತೆ ಬರೆದುಕೊಳ್ಳಿ. ಆಮೇಲೆ ಹಾಕುವುದನ್ನು ನಿಲ್ಲಿಸಿ ಕಲಕುತ್ತ ಇದ್ದು, ಮಸುಕು ಅಳಿಯುವ ಉಷ್ಣತೆ ಬರೆದುಕೊಳ್ಳಿ. ಎರಡರ ನಡುವಿನದ್ದೇ ಇಬ್ಬನಿ ಬಿಂದು. ಉಸಿರು ಲೋಟಕ್ಕೆ ತಾಗಬಾರದು, ತಾಗಿದರೆ ಒಂದೆರಡು ಡಿಗ್ರಿ ಮೊದಲೇ ಮಂಜು ಕೂರುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ತೊಂದರೆ ಇಲ್ಲ.

ಆ ಪ್ಯಾಸೇಜಿನಲ್ಲಿ ಗಾಳಿ 27 ಡಿಗ್ರಿ. ಲೋಟ ಮಸುಕಾದದ್ದು 24ರ ಹತ್ತಿರ, ಅಳಿದದ್ದು ಇನ್ನೂ ಅರ್ಧ ಡಿಗ್ರಿ ಮೇಲೆ. ಅಂದರೆ ಇಬ್ಬನಿ ಬಿಂದು 24.3 ಇಟ್ಟುಕೊಳ್ಳಬಹುದು. ನೀರು ಮೂರು ಡಿಗ್ರಿ ತಣಿಯುವಷ್ಟರಲ್ಲೇ ಲೋಟ ಬೆವರಿತ್ತು. ಸರ್ವರ್ ರೂಮಿನೊಳಗೆ ಅದೇ ಲೋಟ 13ರವರೆಗೆ ಇಳಿಯಬೇಕಾಯಿತು, ಯಾಕೆಂದರೆ ಅಲ್ಲಿಯ ತೇವವನ್ನು ಏಸಿ ಹಿಂಡಿ ಡ್ರೇನಿಗೆ ಬಿಟ್ಟಿರುತ್ತದೆ. ಒಳಗಿನ ಪೈಪು ಒಣಗಿದ್ದು ಹೊರಗಿನದ್ದು ಹನಿ ಹಾಕುವುದಕ್ಕೆ ಇದೇ ಕಾರಣ.

ಇನ್ನು ಹೊರಮೈ. ಪೈಪು 8 ಡಿಗ್ರಿ, ಗಾಳಿ 27, ಅಂತರ 19. ಅರ್ಧ ಇಂಚಿನ ಪೈಪು, ಕಪ್ಪು ನೈಟ್ರೈಲ್, ನಿಂತ ಗಾಳಿ ಆದರೆ 9 ಮಿ.ಮೀ. ಟ್ಯೂಬಿನ ಹೊರಮೈ ಗಾಳಿಗಿಂತ ಆ ಅಂತರದ ಸುಮಾರು ಕಾಲು ಭಾಗ ತಣ್ಣಗಿರುತ್ತದೆ. 13 ಮಿ.ಮೀ.ಗೆ ಆರರಲ್ಲಿ ಒಂದು ಪಾಲು, 19 ಮಿ.ಮೀ.ಗೆ ಒಂಬತ್ತರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ ಹೊರಮೈ ಕ್ರಮವಾಗಿ 22.3, 23.8, 24.9 ಬರುತ್ತದೆ. 24.3ರ ಮೇಲೆ ನಿಂತದ್ದು 19 ಒಂದೇ. 13 ಹಾಕಿದ್ದರೆ ಹನಿ ಕಡಿಮೆಯಾಗಿ, ಕೆಲಸ ಆಯಿತು ಅಂತ ಅನ್ನಿಸಿ, ಮೋಡ ದಟ್ಟವಾದ ವಾರ ಮತ್ತೆ ಫೋನ್ ಬರುತ್ತಿತ್ತು. ಇದೇ ಲೆಕ್ಕವನ್ನು ವಿಜಯಪುರದ 38 ಡಿಗ್ರಿ ಒಣ ಮಧ್ಯಾಹ್ನಕ್ಕೆ ಹಾಕಿ: 9 ಮಿ.ಮೀ. ಹೊರಮೈ 30ರ ಮೇಲೆ, ಇಬ್ಬನಿ ಬಿಂದು 11ರ ಸುತ್ತಮುತ್ತ. ಅಲ್ಲಿ ದಪ್ಪ ಟ್ಯೂಬ್ ಹಾಕಿದರೆ ಹನಿಯ ಮಟ್ಟಿಗೆ ದುಡ್ಡು ದಂಡ.

ಸಕ್ಷನ್ ಪೈಪಿನ ಜತೆಗೇ ಹೋಗುವ ಸಣ್ಣ ಪೈಪಿನ ವಿಷಯ ಹಲವರು ಬಿಡುತ್ತಾರೆ. ಗ್ಯಾಸಿನ ಒತ್ತಡ ಇಳಿಸಿ ತಣಿಸುವ ಕ್ಯಾಪಿಲರಿ ಇಲ್ಲವೇ ಎಕ್ಸ್‌ಪಾನ್ಷನ್ ವಾಲ್ವ್ ಔಟ್‌ಡೋರಿನಲ್ಲಿರುವ ಸ್ಪ್ಲಿಟ್‌ಗಳಲ್ಲಿ ಕಾಲಿಂಚಿನ ಪೈಪೂ ತಣ್ಣಗೇ ಬರುತ್ತದೆ. ಅದಕ್ಕೂ ಬೇರೆಯೇ ಟ್ಯೂಬ್ ಬೇಕು. ಇಲ್ಲಿ ಅದಕ್ಕೆ ಬರೀ ಟೇಪ್ ಸುತ್ತಿದ್ದರು.

ಟ್ಯೂಬಿನ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತುವ ಅಭ್ಯಾಸವನ್ನೂ ಪರೀಕ್ಷೆ ಮಾಡಿದೆ. ಒಂದು ಗಜದಷ್ಟು 19ರ ಟ್ಯೂಬಿಗೆ ಹೊಳೆಯುವ ಟೇಪ್ ಸುತ್ತಿ, ಉಳಿದದ್ದನ್ನು ಕಪ್ಪಗೇ ಬಿಟ್ಟೆ. ಮರುದಿನ ಬೆಳಿಗ್ಗೆ ಟೇಪಿನ ಭಾಗ ಒದ್ದೆ, ಕಪ್ಪು ಭಾಗ ಒಣ. ಹೊಳೆಯುವ ಮೈ ಸುತ್ತಲಿನ ಗೋಡೆ ಸೀಲಿಂಗಿನ ಶಾಖವನ್ನು ಹೀರುವುದಿಲ್ಲ, ಹಾಗಾಗಿ ಹೊರಮೈ ಇನ್ನೊಂದು ಡಿಗ್ರಿ ತಣ್ಣಗಾಗಿ ಇಬ್ಬನಿ ಬಿಂದುವಿನ ಕೆಳಗಿಳಿಯುತ್ತದೆ. ಮುಟ್ಟದೆ ಉಷ್ಣತೆ ತೋರಿಸುವ ಐಆರ್ ಗನ್ನಿನಿಂದ ಇದನ್ನು ಅಳೆಯುವವರು ಹೊಳಪಿನ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ. ನೇರ ಹೊಳಪಿನ ಮೇಲೆ ಹಿಡಿದರೆ ಗನ್ ಸುಳ್ಳು ಹೇಳುತ್ತದೆ.

ದಪ್ಪ ಸರಿಯಿದ್ದೂ ಕೆಡುವುದು ಸಂದಿಯಲ್ಲಿ. ಉದ್ದಕ್ಕೆ ಸೀಳಿ ಹಾಕಿದ ಟ್ಯೂಬಿನ ಬಾಯಿ ಕೂದಲೆಳೆಯಷ್ಟು ತೆರೆದರೂ ತೇವದ ಗಾಳಿ ಒಳಗೆ ಹೋಗಿ ತಾಮ್ರದ ಮೇಲೇ ನೀರಾಗುತ್ತದೆ. ಆ ನೀರು ಟ್ಯೂಬಿನೊಳಗೇ ಇಳಿದು ತಗ್ಗಿನಲ್ಲಿ ಹನಿ ಹಾಕುತ್ತದೆ, ಆದ್ದರಿಂದ ಹನಿ ಬಿದ್ದ ಜಾಗದಲ್ಲಿ ತೂತು ಹುಡುಕಿದರೆ ಸಿಗುವುದಿಲ್ಲ, ಅಲ್ಲಿಂದ ಏರಿನ ಕಡೆ ಹೋಗಬೇಕು. ಸೀಳದೆ ಪೈಪಿನ ತುದಿಯಿಂದ ಪೋಣಿಸುವುದೇ ಒಳ್ಳೆಯದು. ಇಲ್ಲಿ ಗ್ಯಾಸನ್ನು ಪಂಪ್‌ಡೌನ್ ಮಾಡಿ ಔಟ್‌ಡೋರಿನೊಳಗೆ ಕೂಡಿಸಿ, ಪೈಪಿನ ತುದಿಯ ಫ್ಲೇರ್ ಜೋಡಣೆ ಬಿಚ್ಚಿ ಹಾಗೇ ಹಾಕಿದೆ, ಆಮೇಲೆ ವ್ಯಾಕ್ಯೂಮ್ ಮಾಡಿ ಪೈಪಿನ ಗಾಳಿ ತೆಗೆದೆ. ತುಂಡುಗಳ ಸಂದಿಗೆ ಎರಡೂ ಕಡೆ ಅಂಟು ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು, ಎಳೆದು ಅಲ್ಲ. ಕ್ಲ್ಯಾಂಪ್ ಟ್ಯೂಬನ್ನು ಹಿಂಡಿದರೆ 19 ಅಲ್ಲಿ 8 ಆಗುತ್ತದೆ, ಅಗಲದ ಪಿವಿಸಿ ಪೈಪಿನ ಅರ್ಧ ಹೋಳನ್ನು ಕೆಳಗೆ ಕೊಟ್ಟು ಕಟ್ಟಿ. ಗೋಡೆ ದಾಟುವ ತೂತನ್ನು ಮುಚ್ಚುವ ವಿಧಾನ ನನ್ನದೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸಾಮಾನಿಗೆ ಮೂರು ಸಾವಿರದ ಮೇಲೆ, ಕೂಲಿ, ಸೀಲಿಂಗ್ ತೆಗೆದು ಹಾಕಿದ್ದು ಸೇರಿ ಏಳೂವರೆ ಸಾವಿರದ ಆಸುಪಾಸು ಆಯಿತು. 9ರ ಟ್ಯೂಬಿಗೂ 19ರ ಟ್ಯೂಬಿಗೂ ಇದ್ದ ಬೆಲೆ ವ್ಯತ್ಯಾಸ ಅದರಲ್ಲಿ ಸಾವಿರದ ಚಿಲ್ಲರೆ ಮಾತ್ರ.

19ಕ್ಕೂ ಮಿತಿ ಇದೆ. ಗಾಳಿ ಅದೇ 27 ಇದ್ದು ತೇವ 95 ಶೇಕಡಕ್ಕೆ ಹೋದರೆ ಇಬ್ಬನಿ ಬಿಂದು 26 ದಾಟುತ್ತದೆ. ಆಗ ಹೊರಮೈ ಗಾಳಿಗಿಂತ ಒಂದು ಡಿಗ್ರಿಯೂ ತಣ್ಣಗಿರುವಂತಿಲ್ಲ, ಸೀಲಿಂಗಿನಲ್ಲಿ ಹಿಡಿಸುವ ಯಾವ ದಪ್ಪವೂ ಅದನ್ನು ಕೊಡುವುದಿಲ್ಲ. ಬಚ್ಚಲುಮನೆಯ ಮೇಲೆ, ಸೋರುವ ಟೆರೇಸಿನ ಕೆಳಗೆ ಹೋಗುವ ಪೈಪುಗಳು ಈ ಜಾತಿಯವು. ಅಂಥ ಕಡೆ ಪೈಪಿನ ದಾರಿ ಬದಲಿಸಬೇಕು, ಇಲ್ಲವೇ ಸೀಲಿಂಗಿನೊಳಗೆ ಸಣ್ಣ ಫ್ಯಾನ್ ಇಟ್ಟು ಗಾಳಿ ಆಡಿಸಬೇಕು. ಗಾಳಿ ಆಡಿದರೆ ಹೊರಮೈ ಗಾಳಿಯ ಉಷ್ಣತೆಗೆ ಹತ್ತಿರ ಬರುತ್ತದೆ, 19ರ ಟ್ಯೂಬ್ ಇದ್ದರೆ ಅಷ್ಟರಿಂದಲೇ ಒಣಗಲೂಬಹುದು.